ಅಳತೆ ಪುಸ್ತಕ ಒದ್ದೆಯಾದ ಮೇಲೆ

ಎಲ್ಲರಿಗೂ ನಮಸ್ಕಾರ. ಹೊಲಿಗೆ ಕಲಿಸುವವಳನ್ನು ಕರೆದು ಕತೆ ಹೇಳಿ ಅಂದಿದ್ದೀರಿ. ನನಗೆ ಕತೆ ಕಟ್ಟುವುದು ಅಷ್ಟಾಗಿ ಬರುವುದಿಲ್ಲ, ಬಟ್ಟೆ ಕತ್ತರಿಸುವುದು ಬರುತ್ತದೆ. ಅದಕ್ಕೇ ಈ ಕತೆಯಲ್ಲಿ ಹೆಂಗಸು ಮಾತ್ರ ನಾನು ಕಟ್ಟಿದವಳು. ಅವಳ ಕೈಯಲ್ಲಿರುವ ಕೆಲಸ ನಿಜವಾದದ್ದು. ಅವಳಿಗೆ ಹೆಸರಿಟ್ಟಿಲ್ಲ. ಅಂಗಡಿಗೆ ಬರುವವರೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಟೈಲರಮ್ಮ' ಅನ್ನುತ್ತಾರೆ. ನಾವೂ ಹಾಗೇ ಅನ್ನೋಣ.

ಟೈಲರಮ್ಮನ ಅಂಗಡಿಯ ಮಾಡು ಸೋರಿತು. ಬೆಂಕಿಯಲ್ಲ, ಪ್ರವಾಹವಲ್ಲ, ಅಂಥ ದೊಡ್ಡದೇನೂ ಅಲ್ಲ. ಹೆಂಚಿನ ಸಂದಿಯಿಂದ ಮೂರು ದಿನ ಹನಿ ಹನಿಯಾಗಿ ಇಳಿದ ನೀರು. ಆ ಮೂರು ದಿನ ಅವಳು ಜ್ವರದಲ್ಲಿ ಮನೆಯಲ್ಲಿದ್ದಳು. ನಾಲ್ಕನೆಯ ದಿನ ಬಾಗಿಲು ತೆಗೆದಾಗ ಗೋಡೆಯ ಕಪಾಟಿನ ಮೇಲಿನ ಅರೆ ಪೂರ್ತಿ ನೆನೆದಿತ್ತು. ಬಟ್ಟೆ ಹೆಚ್ಚೇನೂ ಹಾಳಾಗಲಿಲ್ಲ, ಒಗೆದು ಒಣಗಿಸಿದರೆ ಬಟ್ಟೆ ಬದುಕುತ್ತದೆ. ಹಾಳಾದದ್ದು ಎರಡು ವಸ್ತು. ಒಂದು, ಹದಿನಾಲ್ಕು ವರ್ಷದ ಅಳತೆ ಪುಸ್ತಕ. ಇನ್ನೊಂದು, ಬಟ್ಟೆ ಕತ್ತರಿಸಲು ಮಾದರಿಯಾಗಿ ಇಡುವ, ಮೊಳೆಗೆ ನೇತುಹಾಕಿದ್ದ ಖಾಕಿ ಕಾಗದದ ಪ್ಯಾಟರ್ನುಗಳು.

ಪುಸ್ತಕದ ಶಾಯಿ ಹರಡಿ ಎಲ್ಲಾ ಪುಟವೂ ಒಂದೇ ನೀಲಿಯಾಗಿತ್ತು. ಪ್ಯಾಟರ್ನುಗಳು ಮಾತ್ರ ಒಣಗಿದ ಮೇಲೆ ಚೆನ್ನಾಗಿಯೇ ಕಂಡವು, ಸ್ವಲ್ಪ ಸುಕ್ಕು ಅಷ್ಟೆ. ಹೊಸಬರು ಮೋಸ ಹೋಗುವುದು ಇಲ್ಲೇ. ಇಸ್ತ್ರಿ ಮಾಡಿ ಚಪ್ಪಟೆ ಮಾಡಿದರೆ ಆಯಿತು ಅಂದುಕೊಳ್ಳುತ್ತಾರೆ. ನೆನೆದು ಒಣಗಿದ ಕಾಗದ ಮೊದಲಿನ ಅಳತೆಯಲ್ಲಿ ನಿಲ್ಲುವುದಿಲ್ಲ, ಉದ್ದಕ್ಕೆ ಒಂದು ಥರ, ಅಗಲಕ್ಕೆ ಇನ್ನೊಂದು ಥರ ಬದಲಾಗುತ್ತದೆ. ಅವಳು ಒಂದು ತೋಳಿನ ಪ್ಯಾಟರ್ನು ತೆಗೆದು, ಅದರ ಮೇಲೆ ತಾನೇ ಬರೆದಿದ್ದ ಅಳತೆಯನ್ನು ಟೇಪಿಗೆ ಹಿಡಿದು ನೋಡಿದಳು. ಬರೆದದ್ದಕ್ಕೂ ಇದ್ದದ್ದಕ್ಕೂ ಕಾಲಿಂಚು ವ್ಯತ್ಯಾಸ. ತೋಳಿನ ತಲೆಯಲ್ಲಿ ಕಾಲಿಂಚು ಹೋದರೆ ಅದು ಕಂಕುಳಿನ ಸುತ್ತಿಗೆ ಸರಿಯಾಗಿ ಕೂರುವುದಿಲ್ಲ. ಕಟ್ಟು ಪೂರ್ತಿ ಹಿತ್ತಲಿಗೆ ಹೋಯಿತು.

ಸೀಸನ್ ಕೂಡ ಆಗಲೇ ಮುಗಿದಿತ್ತು. ನಮ್ಮ ಕಸುಬಿನಲ್ಲಿರುವವರಿಗೆ ಗೊತ್ತು, ಎರಡು ತಿಂಗಳು ಊಟಕ್ಕೆ ಪುರುಸೊತ್ತಿಲ್ಲದ ಕೆಲಸ, ಆಮೇಲೆ ಐದಾರು ತಿಂಗಳು ನೊಣ ಹೊಡೆಯುವ ಕೆಲಸ. ಹೊಸ ಬಟ್ಟೆ ತರುವವರು ಯಾರೂ ಇಲ್ಲ. ಬರುವುದೆಲ್ಲ ಜಿಪ್ಪು ಕಿತ್ತ ಪ್ಯಾಂಟು, ಕಾಲರ್ ಸವೆದ ಶರ್ಟು, ಉದ್ದವಾದ ಲಂಗ. ಆಲ್ಟರೇಷನ್ ಅಂದರೆ ಬಹಳ ಟೈಲರುಗಳು ಮುಖ ಸಿಂಡರಿಸುತ್ತಾರೆ. ಟೈಲರಮ್ಮನೂ ಸಿಂಡರಿಸುತ್ತಿದ್ದಳು. ಈಗ ಬೇರೆ ದಾರಿಯಿರಲಿಲ್ಲ.

ಮೊದಲು ಮಷೀನಿನ ಮಾತು ಮುಗಿಸಿಬಿಡುತ್ತೇನೆ. ನೀರಿನ ಪಸೆ ಕೆಳಗಿನ ದಾರ ಕೂರುವ ಷಟಲ್ ಮನೆಗೂ ಹೋಗಿ ತುಕ್ಕಿನ ಬಣ್ಣ ಬಂದಿತ್ತು. ತಳದ ಪ್ಲೇಟು ಬಿಚ್ಚಿದರೆ ಬಟ್ಟೆ ಮುಂದೆ ತಳ್ಳುವ ಹಲ್ಲಿನ ಕೆಳಗೆ ದಾರದ ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಸೂಜಿಯಿಂದ ಎಬ್ಬಿಸಿದಳು. ಹಳೆಯ ಎಣ್ಣೆಯ ಅಂಟನ್ನು ಸೀಮೆಎಣ್ಣೆಯಲ್ಲಿ ಬಿಡಿಸಿ, ಒರೆಸಿ, ಮಷೀನ್ ಎಣ್ಣೆ ಬಿಟ್ಟು, ಎಣ್ಣೆ ಕಪ್ಪಾಗದೆ ಬರುವ ತನಕ ಚಿಂದಿಯ ಮೇಲೆ ತುಳಿದಳು. ಆದರೂ ಹತ್ತು ಹೊಲಿಗೆಗೆ ಒಂದು ಹೊಲಿಗೆ ಹಾರುತ್ತಿತ್ತು. ಷಟಲ್ ಟೈಮಿಂಗ್ ಹೋಗಿದೆ, ಮೆಕ್ಯಾನಿಕ್ಕೇ ಬರಬೇಕು ಅಂದುಕೊಂಡು ಎರಡು ದಿನ ಸುಮ್ಮನೆ ಕೂತಳು. ಮೂರನೆಯ ದಿನ ಸೂಜಿ ಬಿಚ್ಚಿ, ಅದರ ಚಪ್ಪಟೆ ಮಗ್ಗುಲನ್ನು ಕನ್ನಡಿಯ ಮೇಲಿಟ್ಟು ಬೆಳಕಿಗೆ ಹಿಡಿದಳು. ಸೂಜಿಗೂ ಗಾಜಿಗೂ ನಡುವಿನ ಸಂದಿ ಬುಡದಿಂದ ತುದಿಗೆ ಒಂದೇ ಸಮ ಇರಬೇಕು. ಇದರಲ್ಲಿ ತುದಿಯ ಕಡೆ ಕಿರಿದಾಗುತ್ತಿತ್ತು. ಸೂಜಿ ಕೂದಲೆಳೆಯಷ್ಟು ಬಾಗಿತ್ತು, ಅಷ್ಟೇ. ಷಟಲ್ಲಿನ ಕೊಕ್ಕೆ ಬಂದು ದಾರದ ಕುಣಿಕೆ ಹಿಡಿಯುವ ಹೊತ್ತಿಗೆ ಕುಣಿಕೆ ಇರಬೇಕಾದ ಜಾಗದಲ್ಲಿ ಇರುತ್ತಿರಲಿಲ್ಲ. ಹೊಸ ಸೂಜಿ ಹಾಕಿದಳು, ಹೊಲಿಗೆ ಹಾರುವುದು ನಿಂತಿತು. ಹೊಲಿಗೆ ಹಾರಿದರೆ ಮೊದಲು ಸೂಜಿ ನೋಡಿ ಅಂತ ನಾನು ತರಗತಿಯಲ್ಲಿ ಹೇಳುತ್ತಲೇ ಇರುತ್ತೇನೆ. ನನ್ನ ಮಷೀನೇ ಹಾರಿಸಿದಾಗ ನಾನೂ ಮೊದಲು ಮೆಕ್ಯಾನಿಕ್ಕಿಗೇ ಫೋನ್ ಮಾಡುತ್ತೇನೆ, ಆ ಮಾತು ಬೇರೆ.

ಈಗ ಕತೆಯ ಒಳಗೆ ಹೋಗೋಣ.

ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬರ ಶರ್ಟು ಕಾಲರ್ ತಿರುಗಿಸಲು ಬಂತು. ಕಾಲರಿನ ಮಡಿಕೆ ಕುತ್ತಿಗೆಗೆ ಉಜ್ಜಿ ಸವೆದು ಒಳಗಿನ ಕ್ಯಾನ್ವಾಸ್ ಕಾಣುತ್ತಿತ್ತು. ಕಾಲರನ್ನು ಕುತ್ತಿಗೆಯ ಪಟ್ಟಿಯಿಂದ ಬಿಚ್ಚಿ, ಮಗುಚಿ, ಮತ್ತೆ ಅದೇ ಪಟ್ಟಿಯೊಳಗೆ ಕೂರಿಸಿದರೆ ಸವೆದ ಮೈ ಕೆಳಗೆ ಹೋಗಿ ಹೊಸ ಮೈ ಮೇಲೆ ಬರುತ್ತದೆ. ಒಂದೇ ಸಲ ಮಾಡಬಹುದಾದ ಕೆಲಸ, ಎರಡನೆಯ ಸಲಕ್ಕೆ ಮಗುಚಲು ಮೈಯೇ ಉಳಿದಿರುವುದಿಲ್ಲ. ಬಿಚ್ಚುವ ಮೊದಲು ಕಾಲರಿಗೂ ಪಟ್ಟಿಗೂ ನಡುಮಧ್ಯಕ್ಕೆ ಗುರುತು ಹಾಕದಿದ್ದರೆ ಕಾಲರ್ ಒಂದು ಕಡೆಗೆ ಎಳೆದುಕೊಂಡು ಕೂರುತ್ತದೆ. ಗುರುತು ಹಾಕಲೆಂದು ಅವಳು ಶರ್ಟನ್ನು ಮೇಜಿನ ಮೇಲೆ ಹರಡಿದಳು. ಹರಡಿದ್ದೇ ತಡ, ಕೈ ತಾನಾಗಿ ಟೇಪಿನ ಕಡೆ ಹೋಯಿತು.

ಗುಂಡಿ ಹಾಕಿ ಕಂಕುಳಿನ ಕೆಳಗೆ ಅಡ್ಡಕ್ಕೆ ಅಳೆದರೆ ಇಪ್ಪತ್ತೊಂದು ಇಂಚು. ಸುತ್ತಿಗೆ ನಲವತ್ತೆರಡು. ಅವಳು ಶರ್ಟಿಗೆ ನಾಲ್ಕಿಂಚು ಲೂಸ್ ಬಿಡುವವಳು. ಹಾಗಾದರೆ ಎದೆ ಮೂವತ್ತೆಂಟು. ಪುಸ್ತಕದಲ್ಲಿ ಕಳೆದುಹೋಗಿದ್ದ ಒಂದು ಅಂಕಿ ಶರ್ಟಿನಲ್ಲಿ ಕೂತಿತ್ತು!

ಅವತ್ತಿನಿಂದ ಅವಳು ರಿಪೇರಿಗೆ ಬಂದ ಪ್ರತಿ ಬಟ್ಟೆಯನ್ನೂ ಅಳೆಯತೊಡಗಿದಳು. ಹೊಸ ಪುಸ್ತಕ ತಂದಳು. ಈ ಸಲ ಶಾಯಿ ಇಲ್ಲ, ಪೆನ್ಸಿಲ್. ನೀರು ಬಿದ್ದರೂ ಪೆನ್ಸಿಲ್ ಹರಡುವುದಿಲ್ಲ. ಮೊದಲ ವಾರ ಬರೀ ಅಂಕಿ ಬರೆದಳು. ಎರಡನೆಯ ವಾರಕ್ಕೆ ಅನುಮಾನ ಶುರುವಾಯಿತು. ಹತ್ತಿ ಶರ್ಟು ಒಗೆದು ಒಗೆದು ಉದ್ದಕ್ಕೆ ಕುಗ್ಗಿರುತ್ತದೆ, ಮೊಣಕೈ ಹತ್ತಿರ ಹಿಗ್ಗಿರುತ್ತದೆ. ಮೇಜಿನ ಮೇಲಿನ ಅಳತೆ ಇವತ್ತಿನ ಶರ್ಟಿನದು, ಹೊಲಿದ ದಿನದ್ದಲ್ಲ. ಹೊಲಿದ ದಿನದ್ದು ಬೇಕಾದರೆ ಒಳಗೆ ನೋಡಬೇಕು ಅಂತ ಹೊಳೆದಾಗ ಅವಳು ಕೈಯಲ್ಲಿದ್ದ ಶರ್ಟಿನ ಪಕ್ಕೆಯ ಹೊಲಿಗೆ ಮಗುಚಿ ನೋಡಿದಳು.

ಹೊಲಿಗೆಯ ಒಳಗೆ ಬಿಟ್ಟ ಮಾರ್ಜಿನ್ ಬಿಸಿಲು ಕಾಣದ ಬಟ್ಟೆ. ಅಲ್ಲಿ ಮೊದಲ ದಿನದ ಬಣ್ಣ ಹಾಗೇ ಇರುತ್ತದೆ. ಹೊಲಿಗೆಯನ್ನು ಒಮ್ಮೆ ಬಿಟ್ಟು ದೊಡ್ಡದು ಮಾಡಿದ್ದರೆ ಹಳೆಯ ಸೂಜಿಯ ತೂತುಗಳ ಸಾಲು, ಅದರ ಪಕ್ಕದಲ್ಲಿ ಗಾಢ ಬಣ್ಣದ ಒಂದು ಗೆರೆ ಉಳಿದಿರುತ್ತದೆ. ಎರಡು ಸಾಲು ತೂತು ಇದ್ದರೆ ಎರಡು ಸಲ ಬಿಟ್ಟಿದ್ದಾರೆ. ಈ ಶರ್ಟಿನಲ್ಲಿ ಎರಡು ಸಾಲಿತ್ತು. ಹೊಲಿದವಳು ತಾನೇ, ಬಿಟ್ಟವಳೂ ತಾನೇ. ಯಾವಾಗ ಅನ್ನುವುದು ಮರೆತಿತ್ತು. ಈ ಮನುಷ್ಯ ಐದಾರು ವರ್ಷದಲ್ಲಿ ಎರಡು ಸಲ ದಪ್ಪಗಾಗಿದ್ದಾರೆ, ಈಗ ಮತ್ತೆ ಇಳಿದಿದ್ದಾರೆ, ಯಾಕೆಂದರೆ ಪಕ್ಕೆಯಲ್ಲಿ ಎಳೆತದ ಸುಕ್ಕು ಒಂದೂ ಇಲ್ಲ. ಅವಳು ಪೆನ್ಸಿಲಿನಲ್ಲಿ ಅಂಕಿಯ ಪಕ್ಕ ಮೊದಲ ಸಲ ಒಂದು ಮಾತು ಬರೆದಳು: 'ಇಳಿದಿದ್ದಾರೆ, ಕೇಳಬೇಡ.'

ಒಬ್ಬರ ಪ್ಯಾಂಟಿನ ಬಲಗಾಲಿನ ಹಿಂದಿನ ಅಂಚು ಮಾತ್ರ ನೆಲಕ್ಕೆ ತಾಗಿ ಹರಿದಿತ್ತು. ಎರಡೂ ಕಾಲು ಹರಿದಿದ್ದರೆ ಪ್ಯಾಂಟು ಉದ್ದ ಅಂತ ಅರ್ಥ. ಒಂದೇ ಕಾಲಾದರೆ ಆ ಕಡೆಯ ಸೊಂಟ ಇಳಿದಿದೆ, ಇಲ್ಲವೇ ಕಾಲೇ ಸ್ವಲ್ಪ ಗಿಡ್ಡ. ಆ ಕಾಲನ್ನು ಮಾತ್ರ ಕಾಲಿಂಚು ಮೇಲೆ ಮಡಚಿ ಕೊಟ್ಟಳು. ಗಿರಾಕಿಗೆ ಏನೂ ಹೇಳಲಿಲ್ಲ. ಅವರು ಕನ್ನಡಿಯಲ್ಲಿ ನೋಡಿಕೊಂಡು, ಈ ಸಲ ಸರಿಯಾಗಿ ಕೂತಿದೆ ಅಂದರು.

ಹೀಗೆ ಒಂದೂವರೆ ತಿಂಗಳಲ್ಲಿ ಮೂವತ್ತು ಪುಟ ತುಂಬಿತು. ಕೈಗೆ ಬಂದ ದುಡ್ಡು ಮಾಡಿನ ರಿಪೇರಿಗೂ ಸಾಲಲಿಲ್ಲ. ಹೆಂಚಿನ ಸಂದಿಗೆ ಒಂದು ತಗಡು ಕೂರಿಸಿ, ಕಪಾಟನ್ನು ಎದುರಿನ ಗೋಡೆಗೆ ಸರಿಸಿದಳು, ಅಷ್ಟೆ.

ಆಮೇಲೆ ಜಾಕೆಟ್ಟಿನ ಅಮ್ಮ ಬಂದರು. ಅರವತ್ತರ ಹತ್ತಿರದವರು. ದಿನವೆಲ್ಲ ಮೇಜಿನ ಮುಂದೆ ಕೂತು ಲೆಕ್ಕ ಬರೆಯುವ ಕೆಲಸ. ಏಳು ವರ್ಷದ ಹಿಂದೆ ಟೈಲರಮ್ಮನೇ ಹೊಲಿದ ಕಾಲರಿನ ಗುಂಡಿ ಜಾಕೆಟ್ಟನ್ನು ಮಡಚಿ ಹಿಡಿದುಕೊಂಡಿದ್ದರು.

"ನೋಡಮ್ಮ, ಇದು ಚಿಕ್ಕದಾಗಿದೆ. ಪಕ್ಕ ಸ್ವಲ್ಪ ಬಿಟ್ಟುಕೊಡು."

"ಹಾಕ್ಕೊಂಡು ತೋರಿಸಿ ಅಮ್ಮ."

ಹಾಕಿಕೊಂಡರು. ಗುಂಡಿ ಸಲೀಸಾಗಿ ಬಿತ್ತು. ಎದೆ ಅಳೆದಳು, ಬಟ್ಟೆಗೂ ಮೈಗೂ ನಡುವೆ ಇರಬೇಕಾದ ಲೂಸ್ ಇದ್ದೇ ಇತ್ತು. ಪಕ್ಕ ಬಿಡುವ ಮಾತೇ ಇಲ್ಲ. ಆದರೆ ಪಕ್ಕದಿಂದ ನೋಡಿದಾಗ ಹಿಂದಿನ ಅಂಚು ಮುಂದಿನದಕ್ಕಿಂತ ಮುಕ್ಕಾಲಿಂಚು ಮೇಲಿತ್ತು. ಪಕ್ಕೆಯ ಹೊಲಿಗೆ ನೆಟ್ಟಗೆ ಇಳಿಯದೆ ಹಿಂದಕ್ಕೆ ಓಡುತ್ತಿತ್ತು. ಕಾಲರ್ ಹಿಂದೆ ಕುತ್ತಿಗೆಯಿಂದ ಬಿಟ್ಟುಕೊಂಡು ಎರಡು ಬೆರಳು ತೂರುವಷ್ಟು ಸಂದಿ, ಮುಂದೆ ಮಾತ್ರ ಗಂಟಲಿಗೆ ಒತ್ತುತ್ತಿತ್ತು. ಅಮ್ಮನಿಗೆ 'ಚಿಕ್ಕದು' ಅನ್ನಿಸಿದ್ದು ಆ ಗಂಟಲಿನ ಒತ್ತು.

ಇಲ್ಲಿ ಟೈಲರಮ್ಮ ತಪ್ಪು ಮಾಡಿದಳು. ಹಿಂದೆ ಅಂಚು ಮೇಲಿದೆ ಅಂದರೆ ಹಿಂದೆ ಉದ್ದ ಸಾಲದು, ಅಂಚಿನ ಮಡಿಕೆ ಬಿಟ್ಟರೆ ಸರಿಹೋಗುತ್ತದೆ ಅಂದುಕೊಂಡು ಹಿಂದಿನ ಅಂಚನ್ನು ಮುಕ್ಕಾಲಿಂಚು ಇಳಿಸಿಕೊಟ್ಟಳು. ಅಂಚು ಸಮ ಬಂತು. ಕನ್ನಡಿಯಲ್ಲಿ ಚೆಂದ ಕಂಡಿತು. ನಾಲ್ಕು ದಿನ ಬಿಟ್ಟು ಅಮ್ಮ ಮತ್ತೆ ಬಂದರು, ಅದೇ ದೂರು. ಬಟ್ಟೆ ಕಡಿಮೆ ಇದ್ದದ್ದು ನಿಜ, ಆದರೆ ಕಡಿಮೆ ಇದ್ದದ್ದು ಬೆನ್ನಿನ ಮೇಲ್ಭಾಗದಲ್ಲಿ, ಕುತ್ತಿಗೆಗೂ ಹೆಗಲ ಹಲಗೆಗೂ ನಡುವೆ. ಅಂಚಿನಲ್ಲಿ ಎಷ್ಟೇ ಇಳಿಸಿದರೂ ಅದು ಮೇಲಕ್ಕೆ ಹತ್ತುವುದಿಲ್ಲ. ಸುಕ್ಕು, ಎಳೆತ ಎಲ್ಲ ಬಟ್ಟೆ ಸಾಲದ ಜಾಗದ ಕಡೆ ಬೆರಳು ಮಾಡುತ್ತವೆ. ಅಂಚು ಆ ಎಳೆತ ಬಂದು ಮುಟ್ಟುವ ಕೊನೆಯ ಜಾಗ ಮಾತ್ರ.

ಏಳು ವರ್ಷದಲ್ಲಿ ಆ ಅಮ್ಮನ ಎದೆ, ಸೊಂಟ, ತೋಳುದ್ದ ಯಾವುದೂ ಬದಲಾಗಿರಲಿಲ್ಲ. ಬೆನ್ನು ಬಾಗಿತ್ತು. ಹಳೆಯ ಪುಸ್ತಕ ಒದ್ದೆಯಾಗದೆ ಉಳಿದಿದ್ದರೆ ಅವಳು ಅದನ್ನೇ ತೆರೆದು, 'ಅಳತೆ ಸರಿಯಾಗೇ ಇದೆಯಲ್ಲ ಅಮ್ಮ' ಅನ್ನುತ್ತಿದ್ದಳು. ನಾನೂ ಗಿರಾಕಿಗಳಿಗೆ ಹಾಗೆ ಅಂದಿದ್ದೇನೆ.

ಸೀಸನ್ನಿನಲ್ಲಾಗಿದ್ದರೆ ಇಷ್ಟಕ್ಕೇ ಕೈಮುಗಿದು ಕಳಿಸುತ್ತಿದ್ದಳು. ಈಗ ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ.

ಕುತ್ತಿಗೆಯ ಬುಡದ ಮೂಳೆಯಿಂದ ಸೊಂಟದ ತನಕ ಬೆನ್ನಿನ ಮೇಲೆ ಟೇಪು ಇಳಿಬಿಟ್ಟಳು. ಹದಿನಾರು ಇಂಚು. ಜಾಕೆಟ್ಟಿನಲ್ಲಿ ಅದೇ ಜಾಗ ಹದಿನೈದೂವರೆ. ಅರ್ಧ ಇಂಚು ಕಡಿಮೆ. ಸಿದ್ಧವಾದ ಜಾಕೆಟ್ಟಿಗೆ ನಡುವೆ ಬಟ್ಟೆ ಸೇರಿಸಲು ಆಗುವುದಿಲ್ಲ. ಅದಕ್ಕೆ ಹೊಸ ಜಾಕೆಟ್ಟನ್ನೇ ಹೊಲಿಯಲು ಹೊಸ ಪ್ಯಾಟರ್ನು ಬರೆದು, ಮೊದಲು ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿದು ನೋಡುವುದು ಅಂತ ತೀರ್ಮಾನಿಸಿದಳು.

ಕಾಗದದ ಮೇಲೆ ಬೆನ್ನಿನ ಅರ್ಧಭಾಗ ಬರೆದಳು. ಹೆಗಲ ಹಲಗೆಯ ಮಟ್ಟದಲ್ಲಿ ನಡುಗೆರೆಯಿಂದ ಕಂಕುಳಿನ ತನಕ ಒಂದು ಅಡ್ಡಗೆರೆ ಎಳೆದು, ಅದರ ಮೇಲೆ ಕತ್ತರಿಸುತ್ತಾ ಹೋಗಿ ಕಂಕುಳಿನ ಕಡೆ ಕಡ್ಡಿಯಷ್ಟು ಕಾಗದ ಉಳಿಸಿದಳು. ಅದು ಬಾಗಿಲಿನ ಕೀಲಿದ್ದ ಹಾಗೆ. ಮೇಲಿನ ತುಂಡನ್ನು ಆ ಕೀಲಿನ ಮೇಲೆ ತಿರುಗಿಸಿ, ನಡುಗೆರೆಯ ಕಡೆ ಅರ್ಧ ಇಂಚು ಬಾಯಿ ಬಿಡಿಸಿ, ಸಂದಿಗೆ ಕೆಳಗಿನಿಂದ ಕಾಗದ ಅಂಟಿಸಿದಳು. ಹೀಗೆ ಮಾಡಿದರೆ ಉದ್ದ ಸಿಗುವುದು ಬೆನ್ನಿನ ನಡುವಿಗೆ ಮಾತ್ರ, ಕಂಕುಳಿನ ಸುತ್ತು ಬದಲಾಗುವುದಿಲ್ಲ, ತೋಳು ಮೊದಲಿನಂತೆಯೇ ಕೂರುತ್ತದೆ.

ಕೋರಾ ಬಟ್ಟೆ ತೊಡಿಸಿ ನೋಡಿದಳು. ಎರಡು ಬೆರಳಿನ ಸಂದಿ ಒಂದು ಬೆರಳಿಗೆ ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ. ಅಳತೆ ಸರಿ, ಕಾಗದ ಸರಿ, ಮತ್ತೆಲ್ಲಿ ಹೋಯಿತು ಬಟ್ಟೆ? ಅಮ್ಮನನ್ನೇ ಕೂರಿಸಿ, ಒಂದು ಚೀಟಿ ಪೆನ್ಸಿಲು ಕೊಟ್ಟು, "ನಿಮ್ಮ ವಿಳಾಸ ಬರೆದುಕೊಡಿ ಅಮ್ಮ, ಪುಸ್ತಕ ಒದ್ದೆಯಾಗಿದೆ" ಅಂದಳು. ಅಮ್ಮ ಬಗ್ಗಿ ಬರೆಯತೊಡಗಿದರು. ಟೈಲರಮ್ಮ ಹಿಂದೆ ನಿಂತು, ಹೇಳದೆ ಕೇಳದೆ ಟೇಪು ಇಳಿಬಿಟ್ಟಳು. ಹದಿನಾರೂ ಮುಕ್ಕಾಲು. ಬರೆದು ಮುಗಿಸಿ ತಲೆ ಎತ್ತಿ ಮಾತಾಡುತ್ತಾ ನಿಂತಾಗ ಇನ್ನೊಮ್ಮೆ ಹಿಡಿದಳು, ಹದಿನಾರೂಕಾಲು.

ಟೇಪು ಮೈಗೆ ತಾಗಿದ ಕೂಡಲೇ ಜನ ಸೆಟೆದು ನಿಲ್ಲುತ್ತಾರೆ. ಹೊಟ್ಟೆ ಒಳಗೆ, ಎದೆ ಮುಂದೆ, ಬೆನ್ನು ನೆಟ್ಟಗೆ. ಮೊದಲ ದಿನ ಅಳೆದದ್ದು ಆ ಸೆಟೆದ ಬೆನ್ನನ್ನು. ಬಟ್ಟೆ ತೊಡುವುದು ಅದರ ಮೇಲಲ್ಲವಲ್ಲ. ಹಾಗಂತ ಬಗ್ಗಿ ಬರೆಯುವಾಗಿನ ಅಳತೆಗೆ ಕತ್ತರಿಸಿದರೆ ಎದ್ದು ನಿಂತಾಗ ಕಾಲರಿನ ಕೆಳಗೆ ಬಟ್ಟೆ ಗುಡ್ಡೆ ಬೀಳುತ್ತದೆ. ಅವಳು ನಡುವಿನದನ್ನು ಹಿಡಿದಳು, ಮಾತಾಡುತ್ತಾ ನಿಂತ ಹದಿನಾರೂಕಾಲು. ಅಂದರೆ ಕಾಗದದ ಬಾಯಿ ಅರ್ಧ ಇಂಚಿನ ಬದಲು ಮುಕ್ಕಾಲಿಂಚು.

ಬಾಯಿ ಅಗಲವಾದಷ್ಟೂ ಇನ್ನೊಂದು ತೊಂದರೆ ಎದ್ದು ಕಾಣುತ್ತದೆ. ಮೇಲಿನ ತುಂಡು ಕೀಲಿನ ಮೇಲೆ ತಿರುಗಿದಾಗ ನಡುಗೆರೆಯ ಕುತ್ತಿಗೆಯ ತುದಿ ಒಳಕ್ಕೆ ವಾಲುತ್ತದೆ. ಬೆನ್ನನ್ನು ಮಡಿಕೆಯ ಮೇಲೆ ಒಂದೇ ತುಂಡಾಗಿ ಕತ್ತರಿಸಬೇಕಾದರೆ ಆ ಗೆರೆ ನೇರ ಇರಲೇಬೇಕು. ನೇರ ಮಾಡಿದಳು, ಕುತ್ತಿಗೆ ಒಂದೊಂದು ಕಡೆಗೆ ಅರ್ಧ ಇಂಚಿಗೆ ತುಸು ಕಡಿಮೆ ಅಗಲವಾಯಿತು. ಆ ಹೆಚ್ಚನ್ನು ಕುತ್ತಿಗೆಯಿಂದ ಹೆಗಲ ಹಲಗೆಯ ಕಡೆಗೆ ಇಳಿಯುವ ಮೂರಿಂಚಿನ ಸಣ್ಣ ಡಾರ್ಟಿನಲ್ಲಿ, ಅಂದರೆ ತುದಿಗೆ ಚೂಪಾಗುವಂತೆ ಹೊಲಿದ ಮಡಿಕೆಯಲ್ಲಿ, ಹಿಡಿದಳು. ಇದು ಬರೀ ನಷ್ಟ ತುಂಬುವ ಲೆಕ್ಕವಲ್ಲ. ಡಾರ್ಟ್ ಹಿಡಿದಾಗ ಅದರ ತುದಿಯಲ್ಲಿ ಬಟ್ಟೆ ಬಟ್ಟಲಿನ ಹಾಗೆ ಉಬ್ಬುತ್ತದೆ, ಬಾಗಿದ ಬೆನ್ನಿಗೆ ಬೇಕಾದದ್ದು ಆ ಉಬ್ಬೇ. ಗೆರೆ ಇರುವ ಬಟ್ಟೆಯಾದರೆ ಡಾರ್ಟಿನ ಹತ್ತಿರ ಗೆರೆ ಮುರಿದು ಕಾಣುತ್ತದೆ ಅಂತ ಅಮ್ಮನಿಗೆ ಮೊದಲೇ ಹೇಳಿ, ಸಾದಾ ಬಟ್ಟೆ ತರಿಸಿದಳು. ತಂದ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಿಡಿದಳು. ಕಾಲಿಂಚಿಗಾಗಿ ಇಷ್ಟು ಒದ್ದಾಡಿ, ಮೊದಲ ಒಗೆತಕ್ಕೆ ಅದು ಕುಗ್ಗಿಹೋದರೆ?

ಎರಡನೆಯ ಕೋರಾ, ಆಮೇಲೆ ಜಾಕೆಟ್ಟು. ಎಲ್ಲ ಸೇರಿ ಹನ್ನೊಂದು ದಿನ. ಬರುವ ಕೂಲಿಯಲ್ಲಿ ಈ ಹನ್ನೊಂದು ದಿನಕ್ಕೆ ಲೆಕ್ಕ ಹೊಂದುವುದಿಲ್ಲ. ಕತೆಯಲ್ಲಿ ಹೊಂದಿಸಿಬಿಡಬಹುದಿತ್ತು, ನಾನು ಹೊಂದಿಸಿಲ್ಲ. ಅವಳಿಗೆ ಉಳಿದದ್ದು ಒಂದು ಪ್ಯಾಟರ್ನು, ಮತ್ತು ಇಂಥ ಬೆನ್ನು ಇನ್ನು ಎಷ್ಟು ಬಂದರೂ ಒಂದು ಗಂಟೆಯಲ್ಲಿ ಕಾಗದ ಬಾಯಿಬಿಡಿಸುವ ಕೈ.

ಅಮ್ಮ ಜಾಕೆಟ್ಟು ತೊಟ್ಟು ಕನ್ನಡಿಯ ಮುಂದೆ ನಿಂತರು. ನಿಂತ ಕೂಡಲೇ, ಎಲ್ಲರ ಹಾಗೆ, ಸೆಟೆದರು. ಕಾಲರಿನ ಕೆಳಗೆ ಬೆರಳಗಲದ ಒಂದು ಸಣ್ಣ ಮಡಿಕೆ ಎದ್ದಿತು. ಟೈಲರಮ್ಮನ ಕಣ್ಣು ಅಲ್ಲೇ ಹೋಯಿತು, ಅಮ್ಮನ ಕಣ್ಣೂ ಅಲ್ಲೇ.

"ಇದೇನಮ್ಮ ಇಲ್ಲಿ ಎದ್ದಿದೆ?"

"ಕನ್ನಡಿ ಬಿಟ್ಟು ಆ ಕುರ್ಚೀಲಿ ಕೂತ್ಕೊಳ್ಳಿ ಅಮ್ಮ."

ಅಮ್ಮ ಕೂತರು. ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೇಜಿನ ಮೇಲೆ ಬಿದ್ದಿದ್ದ ಹೊಸ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಓದತೊಡಗಿದರು. ಮಡಿಕೆ ತಾನಾಗಿ ಬಿಚ್ಚಿ ಬೆನ್ನಿಗೆ ಒರಗಿತು. ಕಾಲರ್ ಕುತ್ತಿಗೆಗೆ ಕೂತಿತು. ಗಂಟಲಿನ ಹತ್ತಿರ ಬೆರಳು ಆಡಿಸಿ ನೋಡಿಕೊಂಡು ಅಮ್ಮ ಏನೂ ಅನ್ನಲಿಲ್ಲ. ಪುಟ ತಿರುಗಿಸಿದರು.

"ಇದೇನಿದು, 'ಇಳಿದಿದ್ದಾರೆ, ಕೇಳಬೇಡ' ಅಂತ?"

"ಅದು ಬೇರೆಯವರದ್ದು ಅಮ್ಮ."

"ನಂದೆಲ್ಲಿ?"

ಟೈಲರಮ್ಮ ಪುಟ ತೆಗೆದು ತೋರಿಸಿದಳು. ಬೆನ್ನಿನ ಸಾಲಿನಲ್ಲಿ ಮೂರು ಅಂಕಿ ಇದ್ದವು. ಹದಿನಾರರ ಮುಂದೆ 'ಟೇಪಿಗೆ', ಹದಿನಾರೂಕಾಲರ ಮುಂದೆ 'ಮಾತಿಗೆ', ಹದಿನಾರೂ ಮುಕ್ಕಾಲರ ಮುಂದೆ 'ಲೆಕ್ಕಕ್ಕೆ'. ಅಮ್ಮ ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು. ಆಮೇಲೆ ಅದೇ ಪೆನ್ಸಿಲ್ ತೆಗೆದುಕೊಂಡು, ಟೈಲರಮ್ಮ ಅವಸರದಲ್ಲಿ ತಪ್ಪಾಗಿ ಬರೆದಿದ್ದ ತಮ್ಮ ಹೆಸರಿನ ಒಂದು ಒತ್ತಕ್ಷರವನ್ನು ತಿದ್ದಿದರು.